ಮಾಲೀಕರು ಮೊದಲು ಕೂರಬೇಕು

ಗ್ಯಾರೇಜು ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಸೀಟಕ್ಕ ಎಂದರೆ ಸಾಕು, ಟಯರಿಗೆ ಗಾಳಿ ಹಾಕುವವನಿಂದ ಹಿಡಿದು ಚಹಾದ ಗಾಡಿಯವನವರೆಗೆ ಎಲ್ಲರೂ ಕೈ ತೋರಿಸಿ ದಾರಿ ಹೇಳುತ್ತಿದ್ದರು. ಮೂವತ್ತಾರು ವರ್ಷ ಕಾರು, ವ್ಯಾನು, ಲಾರಿಗಳ ಸೀಟು ಹೊಲಿದ ಹೆಂಗಸು. ದಬ್ಬಳ ತಳ್ಳಿ ತಳ್ಳಿ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ರೆಕ್ಸಿನ್ನನ್ನು ಕಣ್ಣು ಮುಚ್ಚಿಕೊಂಡು ಸವರಿ, ಇದು ಯಾವ ಕಾಲದ್ದು, ಎಷ್ಟು ಬಿಸಿಲು ಕಂಡಿದೆ ಎಂದು ಹೇಳಬಲ್ಲವಳು. ಬಾಯಿ ಮಾತ್ರ ದಬ್ಬಳಕ್ಕಿಂತ ಚೂಪು.

ಆ ಅಂಗಡಿಯನ್ನು ಹಾಕಿದವನು ಅವಳ ಮಾವ, ಅಂದರೆ ಗಂಡನ ಅಪ್ಪ. ಆತ ಒಂದು ನಿಯಮ ಮಾಡಿಟ್ಟಿದ್ದ. ಹೊಸದಾಗಿ ಹೊಲಿದ ಸೀಟಿನ ಮೇಲೆ ಮಾಲೀಕರು ಮೊದಲು ಕೂರಬೇಕು. ಹೊಲಿದವರು ಅಂಗೈಯಲ್ಲಿ ಒತ್ತಿ ನೋಡಬಹುದು, ಮೊಣಕೈ ಊರಿ ನೋಡಬಹುದು, ಕೂರಕೂಡದು. ಮಾಲೀಕರು ಕೂತರು ಎಂದರೆ ಗಾಡಿ ಹೊರಟಿತು ಎಂದೇ ಲೆಕ್ಕ. ಆಮೇಲೆ ಹೊಲಿದವರು ಕೂರುವುದೆಲ್ಲಿ? ಮಾವ ಹೋದ, ಗಂಡನೂ ಹೋದ, ನಿಯಮ ಮಾತ್ರ ಗಟ್ಟಿಯಾಗಿ ಉಳಿಯಿತು. ಹಾಗಾಗಿ ಸಾವಿರಾರು ಸೀಟು ಹೊಲಿದ ಸೀಟಕ್ಕ ತಾನು ಹೊಲಿದ ಒಂದೇ ಒಂದು ಸೀಟಿನ ಮೇಲೂ ಕೂತವಳಲ್ಲ. ಐವತ್ತನೇ ವಯಸ್ಸಿನಲ್ಲಿ ಹಟ ಹಿಡಿದು ಗಾಡಿ ಓಡಿಸಲು ಕಲಿತಳು, ಲೈಸೆನ್ಸನ್ನೂ ತೆಗೆದುಕೊಂಡಳು. ಅದೂ ಬೇರೆ ಯಾರೋ ಸೀಟು ಹೊಲಿದಿದ್ದ ವ್ಯಾನಿನಲ್ಲಿ.

ಅರವತ್ತೊಂದಕ್ಕೆ ಅಂಗಡಿಯನ್ನು ಕೆಲಸದ ಹುಡುಗಿಯರಿಬ್ಬರಿಗೆ ಒಪ್ಪಿಸಿ ಮನೆಗೆ ಬಂದವಳು ಮೂರನೇ ದಿನವೇ ಊಟದ ತಟ್ಟೆಯ ಮುಂದೆ ಹೇಳಿದಳು.

"ನಾನು ಒಂದು ಹಳೇ ಕಾರು ತಗೋತೀನಿ."

ಮಗಳು ಶಾಲೆಯಲ್ಲಿ ಗಣಿತ ಕಲಿಸುವವಳು. ಎಲ್ಲಕ್ಕೂ ಉತ್ತರ ಒಂದೇ ಇರಬೇಕು ಅವಳಿಗೆ. "ಹಳೇದು ಯಾಕಮ್ಮ? ಓಡಾಡೋಕೆ ಬೇಕಾದ್ರೆ ಹೊಸದೇ ಸಣ್ಣದೊಂದು ತಗೊಳ್ಳೋಣ."

"ಓಡಾಡೋಕೆ ಬಸ್ಸಿದೆ. ಇದು ನನ್ನ ಶೋಕಿಗೆ."

"ಶೋಕಿ! ಅರವತ್ತಕ್ಕೆ ಅರಳು ಮರಳು ಅನ್ನೋದು ಸುಳ್ಳಲ್ಲ ನೋಡು. ಆ ತುಕ್ಕು ಡಬ್ಬ ಬಾಗಿಲಲ್ಲಿ ನಿಲ್ಲಿಸ್ಕೊಂಡು ಏನು ಮಾಡ್ತೀಯ?"

"ಕೂತ್ಕೋತೀನಿ," ಎಂದಳು ಸೀಟಕ್ಕ. ಮಗಳಿಗೆ ಅದು ಉತ್ತರ ಅನ್ನಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ತಾಯಿಯ ಹತ್ತಿರ ವಾದ ಮಾಡಿ ಗಂಟಲು ಒಣಗಿಸಿಕೊಳ್ಳುವುದು ಬೇಡ ಎಂದು ಎದ್ದು ಕೈ ತೊಳೆದುಕೊಂಡಳು.

ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರದೊಂದು ಸಂಘವಿತ್ತು. ಅದರ ಕಾರ್ಯದರ್ಶಿಯ ಬಳಿ ಮಾರಾಟಕ್ಕೆ ಒಂದು ಕೆಂಪು ಕಾರು ಇದೆ ಎಂದು ತಿಳಿದು ಸೀಟಕ್ಕ ಮೊದಲು ಅಲ್ಲಿಗೇ ಹೋದಳು. ಜೊತೆಗೆ ಠಣಠಣನನ್ನು ಕರೆದುಕೊಂಡಳು. ಆತ ಅದೇ ಬೀದಿಯ ಟಿಂಕರ್, ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಅವನ ಸುತ್ತಿಗೆಯ ಸದ್ದು ಕೇಳಿ ಕೇಳಿ ಬೀದಿಯೇ ಆ ಹೆಸರಿಟ್ಟಿತ್ತು.

ಕೆಂಪು ಕಾರು ಫಳಫಳ ಹೊಳೆಯುತ್ತಿತ್ತು. "ನೂರಕ್ಕೆ ನೂರು ಒರಿಜಿನಲ್," ಎಂದ ಕಾರ್ಯದರ್ಶಿ. "ಸೀಟು ಕೂಡ ಕಂಪನಿಯದ್ದೇ."

ಠಣಠಣ ಜೇಬಿನಿಂದ ಅಯಸ್ಕಾಂತ ತೆಗೆದ. ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಅದಕ್ಕೆ ಬಟ್ಟೆ ಸುತ್ತಿದ್ದ. ಬಾಗಿಲಿನ ಮೇಲ್ಭಾಗದಲ್ಲಿ ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಕೆಳಗೆ ಕೆಳಗೆ ಜಾರಿಸಿದಂತೆ ಹಿಡಿತ ಸಡಿಲವಾಗಿ, ಕೊನೆಯ ನಾಲ್ಕು ಬೆರಳಗಲದಲ್ಲಿ ಪಟ್ಟನೆ ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಆತ ಕಾರಿನ ಕೆಳಗೆ ನುಸುಳಿ ನೋಡಿದರೆ ಹೊಸ ಡಾಂಬರು ಬಣ್ಣ ಕರಿಕರಿ ಮಿಂಚುತ್ತಿತ್ತು. ಸ್ಕ್ರೂಡ್ರೈವರಿನ ತುದಿ ಒತ್ತಿದ, ಅದು ಹಪ್ಪಳದೊಳಗೆ ಇಳಿದಂತೆ ಇಳಿಯಿತು.

"ಹೊರಗೆ ಥಳಕು, ಒಳಗೆ ಹುಳುಕು," ಎಂದ ಠಣಠಣ ಎದ್ದು ಮೈ ಕೊಡವಿಕೊಳ್ಳುತ್ತ.

ಸೀಟಕ್ಕ ಸೀಟಿನ ಅಂಚನ್ನು ಉಗುರಿನಲ್ಲಿ ಮಗುಚಿ ನೋಡುತ್ತಿದ್ದಳು. "ಕಾರ್ಯದರ್ಶಿಗಳೇ, ಆ ಕಾಲದಲ್ಲಿ ಕಂಪನಿಯವರು ಹತ್ತಿ ದಾರದಲ್ಲಿ ಹೊಲೀತಿದ್ರು. ಇದು ನೈಲಾನು. ಈ ಸೀಟಿನ ವಯಸ್ಸು ಹೆಚ್ಚಂದ್ರೆ ಐದು ವರ್ಷ. ಕಂಪನಿ ಬಾಗಿಲು ಹಾಕಿ ಎಷ್ಟು ವರ್ಷ ಆಯ್ತು, ನೀವೇ ಹೇಳಿ."

ಪಕ್ಕದಲ್ಲಿ ಸಂಘದ ಇನ್ನೂ ನಾಲ್ಕು ಜನ ನಿಂತಿದ್ದರು. ಅವರೆದುರು ಹೀಗಾದದ್ದಕ್ಕೆ ಕಾರ್ಯದರ್ಶಿಯ ಮುಖ ಕಾರಿಗಿಂತ ಕೆಂಪಾಯಿತು. "ನೋಡಮ್ಮಾ, ಸೀಟು ಹೊಲಿಯೋರು ಸೀಟು ಹೊಲ್ಕೊಂಡಿರಬೇಕು. ಕೂರೋದು ಬೇರೆಯವರ ಕೆಲಸ. ನಿಮಗೆಲ್ಲ ಇದು ಹತ್ತಲ್ಲ."

ಸೀಟಕ್ಕನಿಗೆ ಮೈ ಉರಿದುಹೋಯಿತು. ಅಲ್ಲಿಯವರೆಗೆ ಕಾರು ಒಂದು ಆಸೆಯಾಗಿತ್ತು. ಆ ಘಳಿಗೆಯಿಂದ ಪಂತವಾಯಿತು. "ಹತ್ತುತ್ತೋ ಇಲ್ವೋ ನೋಡೋಣ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ ಕಾರು. ನರ್ಸಮ್ಮನ ಗುಂಡುಮೂತಿ. ಮೂತಿ ಗುಂಡಗಿದ್ದುದಕ್ಕೆ ಆ ಮಾದರಿಗೆ ಜನ ಇಟ್ಟ ಹೆಸರು ಅದು. ನರ್ಸಮ್ಮ ಆ ಕಾರನ್ನು ತಾನೇ ಓಡಿಸಿಕೊಂಡು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದವರು. ಸೀಟಕ್ಕ ಕಣ್ಣಾರೆ ಕಂಡ, ಕಾರು ಓಡಿಸುವ ಮೊದಲ ಹೆಂಗಸು ಆಕೆಯೇ. ಮೂವತ್ತನಾಲ್ಕು ವರ್ಷದ ಹಿಂದೆ, ಅಂಗಡಿಯಲ್ಲಿ ಸೀಟಕ್ಕನ ಎರಡನೇ ವರ್ಷದಲ್ಲಿ, ಆ ಕಾರು ಸೀಟು ಹೊಲಿಸಿಕೊಳ್ಳಲು ಬಂದಿತ್ತು. ಇಡೀ ಕಾರಿನ ಕೆಲಸವನ್ನು ಮಾವ ಅವಳೊಬ್ಬಳ ಕೈಗೆ ಬಿಟ್ಟದ್ದು ಅದೇ ಮೊದಲು. ಕೆಲಸ ಮುಗಿದ ದಿನ ನರ್ಸಮ್ಮ ಚಾಲಕರ ಸೀಟಿನಲ್ಲಿ ಕೂತು, ಎರಡು ಸಲ ಕುಪ್ಪಳಿಸಿ, "ಭಲೇ ಹುಡುಗಿ!" ಎಂದು ಹಾರನ್ ಹೊಡೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೀಟಕ್ಕನ ಹೊಟ್ಟೆಯಲ್ಲಿ ಅಂದು ಹುಟ್ಟಿದ ಆಸೆ ಇದು.

ಈಗ ನರ್ಸಮ್ಮನಿಗೆ ಎಂಬತ್ತೆರಡು. ಕಾರು ಹನ್ನೊಂದು ವರ್ಷದಿಂದ ಅವರ ಮನೆಯ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಆ ಜಾಗವನ್ನು ಅವರು ಆಸ್ಪತ್ರೆಯವರಿಗೆ ಕೊಟ್ಟಿದ್ದರು, ತಿಂಗಳ ಕೊನೆಯೊಳಗೆ ಶೆಡ್ಡು ಖಾಲಿಯಾಗಬೇಕಿತ್ತು. ಸುದ್ದಿ ಕಾರ್ಯದರ್ಶಿಗೂ ಮುಟ್ಟಿತ್ತು. ಆತನ ಸ್ವಂತದ್ದೊಂದು ಗುಂಡುಮೂತಿ ಇತ್ತು, ಅದರ ಹಿಂಬದಿಯ ಬಾಗಿದ ಗಾಜು ಒಡೆದು ಎರಡು ವರ್ಷವಾಗಿತ್ತು. ಅಂಥ ಗಾಜು ಎಲ್ಲಿ ಹುಡುಕಿದರೂ ಸಿಗದೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ತಿರುಗುತ್ತಿದ್ದ. ಸೀಟಕ್ಕ, ಠಣಠಣ ಶೆಡ್ಡಿಗೆ ಹೋದ ದಿನ ಆತ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದ.

"ಇದು ಕಾರಾಗಿ ಉಳಿಯಲ್ಲ ನರ್ಸಮ್ಮಾ," ಎನ್ನುತ್ತಿದ್ದ. "ಬಿಡಿಭಾಗಕ್ಕೆ ಮಾತ್ರ ಲಾಯಕ್ಕು. ಗಾಜು, ದೀಪದ ಬಳೆ, ಬಾಗಿಲ ಹಿಡಿ, ಕ್ರೋಮಿನ ಪಟ್ಟಿ ನಾನು ತಗೋತೀನಿ. ಉಳಿದದ್ದು ಗುಜರಿಗೆ."

"ನೋಡೋಕೆ ಮುಂಚೆ ತಿಥಿ ಮಾಡ್ಬೇಡಿ," ಎಂದಳು ಸೀಟಕ್ಕ.

ಠಣಠಣ ಒಂದು ತಾಸು ಬೆವರು ಸುರಿಸಿದ. ಶೆಡ್ಡಿನ ಸೂರು ಮುಂಭಾಗದಲ್ಲಿ ಸೋರುತ್ತಿತ್ತು, ಕಾರಿನ ಮೂತಿ ಅದೇ ಕಡೆಗಿತ್ತು. ಹಾಗಾಗಿ ತುಕ್ಕು ಮುಂದೆಯೇ ಮನೆ ಮಾಡಿತ್ತು. ಮುಂದಿನ ಎರಡೂ ಮಡ್‌ಗಾರ್ಡಿನ ಅಂಚು ಪುಡಿಪುಡಿ. ಚಾಲಕರ ಕಾಲ ಕೆಳಗಿನ ನೆಲದಲ್ಲಿ ಅಂಗೈ ತೂರುವಷ್ಟು ತೂತು. ಆದರೆ ಬಾಗಿಲು ತೆರೆದರೆ ಕೆಳಕ್ಕೆ ಜೋಲಲಿಲ್ಲ, ಅಂದರೆ ಬಾಗಿಲು ಹಿಡಿದ ಕಂಬ ಗಟ್ಟಿ. ಹಿಂದಿನ ಸ್ಪ್ರಿಂಗು ಕೂರುವ ಜಾಗವನ್ನು ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಬಂತು. ಹಿಂದಿನ ನೆಲ ಒಣಗಿತ್ತು, ಡಿಕ್ಕಿಯೊಳಗೆ ಕಂಪನಿಯ ತಿಳಿಹಸಿರು ಬಣ್ಣ ಇನ್ನೂ ಹಾಗೇ ಇತ್ತು. ಅಯಸ್ಕಾಂತ ಎಲ್ಲೂ ಬೀಳಲಿಲ್ಲ.

"ಸೀಟಕ್ಕ, ಇದರ ತುಕ್ಕು ಎದುರಿಗೇ ಕಾಣ್ತಿದೆ. ಮೋಸ ಇಲ್ಲ," ಎಂದ ಆತ. "ನೆಲದ ತಗಡು ನಾನು ಕತ್ತರಿಸಿ ಹಾಕ್ತೀನಿ. ಎಂಜಿನ್ ಆ ಹಳೇ ಸರಕಿನ ವ್ಯಾನಿನದ್ದೇ ಜಾತಿ, ಅದರ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಇವತ್ತಿಗೂ ಸಿಗುತ್ತೆ. ಸಿಗದೇ ಇರೋದು ಗಾಜು, ಕ್ರೋಮು, ರಬ್ಬರು. ಅದೆಲ್ಲ ಇದರ ಮೇಲೇ ಇದೆ, ಒಂದೂ ಕಳೆದಿಲ್ಲ."

"ಅದಕ್ಕೇ ಕೆಲವರಿಗೆ ಬಾಯಲ್ಲಿ ನೀರು," ಎಂದಳು ಸೀಟಕ್ಕ, ಕುರ್ಚಿಯ ಕಡೆ ನೋಡದೆ.

ನರ್ಸಮ್ಮ ನಕ್ಕರು. ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತರಿಸಿದರು. ಅದರಲ್ಲಿ ನೋಂದಣಿ ಪುಸ್ತಕ, ತೆರಿಗೆ ಚೀಟಿಗಳು, ಕಾರಿನ ಮೇಲಿದ್ದ ಸಾಲ ತೀರಿತೆಂದು ಕೊಟ್ಟ ಪತ್ರ ಎಲ್ಲವೂ ಮಡಿಕೆ ಕೆಡದೆ ಇದ್ದವು. "ನನಗೆ ಇದು ಓಡಬೇಕು ಅಂತ ಆಸೆ ಕಣೇ," ಎಂದರು ಸೀಟಕ್ಕನಿಗೆ. "ಆದ್ರೆ ಕಾಗದ ನಿನ್ನ ಹೆಸರಿಗೆ ಆಗ್ಬೇಕು. ನನ್ನ ಹೆಸರಲ್ಲಿರೋ ಗಾಡಿ ಇನ್ಯಾರದೋ ಕೈಲಿ ತಿರುಗೋದು ಬೇಡ. ಆಗದಿದ್ರೆ ಇವರು ಬಿಚ್ಕೊಂಡು ಹೋಗ್ಲಿ." ಕಾರ್ಯದರ್ಶಿ ತಲೆಯಾಡಿಸಿದ. ಆತ ಬಾನೆಟ್ಟಿನ ಕೆಳಗೆ ಆಗಲೇ ನೋಡಿದ್ದ ಎಂಬುದು ಸೀಟಕ್ಕನಿಗೆ ತಿಳಿಯದು.

ಮೂರು ದಿನದ ಮೇಲೆ, ತಿಂಗಳ ಕೊನೆಗೆ ಎರಡೇ ದಿನ ಇರುವಾಗ, ಟಯರಿಗೆ ಗಾಳಿ ತುಂಬಿ ಕಾರನ್ನು ಲಾರಿಯ ಹಿಂದೆ ಕಟ್ಟಿ ನೋಂದಣಿ ಕಚೇರಿಯ ಅಂಗಳಕ್ಕೆ ಎಳೆದು ತಂದರು. ನರ್ಸಮ್ಮ ಆಟೋದಲ್ಲಿ ಬಂದರು. ಅಮ್ಮನಿಗೆ ಯಾರಾದರೂ ಟೋಪಿ ಹಾಕಿಯಾರು ಎಂದು ಮಗಳು ಶಾಲೆಗೆ ರಜೆ ಹಾಕಿ ಬಂದಳು. ಕಾರ್ಯದರ್ಶಿಯೂ ಬಂದ, ತನ್ನ ಲಾರಿ, ತನ್ನ ಮೆಕ್ಯಾನಿಕ್ಕಿನ ಸಮೇತ. "ಸುಮ್ನೆ ನೋಡೋಕೆ," ಎಂದ.

ತಪಾಸಣೆಯ ಅಧಿಕಾರಿ ಕನ್ನಡಕದ ಗಂಭೀರ ಮನುಷ್ಯ. ಪುಸ್ತಕ ಹಿಡಿದು ಬಾನೆಟ್ ಎತ್ತಿಸಿದ. ಎಂಜಿನ್ ನಂಬರು ತಾಳೆಯಾಯಿತು. ಚಾಸಿ, ಅಂದರೆ ಗಾಡಿಯ ಚೌಕಟ್ಟಿನ, ನಂಬರಿನ ಪಟ್ಟಿ ಇರಬೇಕಾದಲ್ಲಿ ರಿವಿಟ್ಟಿನ ಎರಡು ತೂತು ಮಾತ್ರ ಇದ್ದವು. ಅದರ ಕೆಳಗೆ ತಗಡಿಗೇ ಒತ್ತಿದ ನಂಬರು ಇತ್ತಾದರೂ, ಪಕ್ಕದಲ್ಲೇ ಬ್ಯಾಟರಿ. ವರ್ಷಾನುಗಟ್ಟಲೆ ಆಸಿಡ್ಡು ಸೋರಿ ಕೊನೆಯ ಮೂರು ಅಂಕಿಗಳನ್ನು ತಿಂದುಹಾಕಿತ್ತು.

ಅಧಿಕಾರಿ ಟಾರ್ಚು ಆರಿಸಿದ. "ಆಗಲ್ಲಮ್ಮ. ಪೂರ್ತಿ ನಂಬರು ಇಲ್ಲದೆ ಇದೇ ಆ ಕಾರು ಅಂತ ನಾನು ಬರೆಯೋಕಾಗಲ್ಲ."

"ಎಂಜಿನ್ ನಂಬರು ಸರಿ ಇದೆಯಲ್ಲ ಸಾರ್?"

"ಎಂಜಿನ್ ಯಾರು ಬೇಕಾದ್ರೂ ಬದಲಾಯಿಸಬಹುದು. ಚಾಸಿನೇ ಗಾಡಿ." ಆತ ಪುಸ್ತಕ ಹಿಂದಕ್ಕೆ ಕೊಟ್ಟು ಬೇರೆ ಗಾಡಿಯತ್ತ ನಡೆದ.

ಅಂಗಳದ ಮರದ ಕೆಳಗೆ ಅರ್ಜಿ ಬರೆದುಕೊಡುವ ದಲ್ಲಾಳಿಯೊಬ್ಬ ಕೂತಿದ್ದ. ಮೆಲ್ಲಗೆ ಪಕ್ಕಕ್ಕೆ ಬಂದ. "ಮೂರೇ ಅಂಕಿ ತಾನೇ ಅಮ್ಮಾ? ಪಂಚ್ ಹೊಡೆಸಿಬಿಡಿ. ಅರ್ಧ ಗಂಟೆ ಕೆಲಸ. ಸ್ವಲ್ಪ ಉಪ್ಪುನೀರು ಬಳಿದರೆ ನಾಳೆ ಬೆಳಿಗ್ಗೆಗೆ ಹಳೇದರ ಹಾಗೇ ಆಗುತ್ತೆ. ನಾಡಿದ್ದು ಬೇರೆ ಅಧಿಕಾರಿ ಇರ್ತಾರೆ."

ಸೀಟಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂವತ್ತಾರು ವರ್ಷದಲ್ಲಿ ಹಳೇ ಸ್ಪಂಜಿಗೆ ಹೊಸ ಬಟ್ಟೆ ಹಾಕಿ ಹೊಸ ಸೀಟು ಅಂತ ಮಾರಿದವಳಲ್ಲ ನಾನು. ಸುಳ್ಳು ನಂಬರಿನ ಮೇಲೆ ಕೂತ್ಕೊಳ್ಳೋದಾಗಿದ್ರೆ ಆ ಕೆಂಪು ಕಾರನ್ನೇ ತಗೋತಿದ್ದೆ. ನಡಿ, ನಿನ್ನ ಮರದ ಕೆಳಗೆ ಹೋಗಿ ಕೂತ್ಕೋ!" ಅವಳ ದನಿಗೆ ಅಂಗಳವೆಲ್ಲ ತಿರುಗಿ ನೋಡಿತು. ದಲ್ಲಾಳಿ ಹೋದ ಸದ್ದೇ ಆಗಲಿಲ್ಲ.

ಸೀಟಕ್ಕ ಮತ್ತೆ ಬಾನೆಟ್ಟಿನೊಳಗೆ ಬಾಗಿ ಆಸಿಡ್ಡು ತಿಂದ ಜಾಗವನ್ನು ಬೆರಳಿನಿಂದ ಸವರಿದಳು. ನರ್ಸಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಏನು ಮಾಡೋದೇ... ನಾಡಿದ್ದಕ್ಕೆ ಶೆಡ್ಡು ಬೇರೆ ಕೆಡವ್ತಾರೆ," ಎಂದರು. ಕಾರ್ಯದರ್ಶಿ ಕೈ ಕಟ್ಟಿಕೊಂಡು ಮುಂದೆ ಬಂದ. "ನಾನು ಮೊದಲೇ ಹೇಳಿದ್ದೆ. ಲಾರಿ ಇಲ್ಲೇ ಇದೆ. ನಿಮಗೆ ಮತ್ತೆ ಎಳೆಸೋ ತೊಂದರೆ ಯಾಕೆ?"

ನರ್ಸಮ್ಮ ಸೀಟಕ್ಕನ ಮುಖ ನೋಡಿದರು, ಮತ್ತೆ ನೆಲ ನೋಡಿದರು. ಕೊನೆಗೆ ತಲೆಯಾಡಿಸಿದರು.

ಸೀಟಕ್ಕನಿಗೆ ಅಳು ಬಂತು. ಅಳಲಿಲ್ಲ. ಆ ಮಹಾಶಯನ ಎದುರು ಅಳುವುದಕ್ಕಿಂತ ದಬ್ಬಳ ನುಂಗುವುದು ಮೇಲು. ಮಗಳು ಮೆಲ್ಲಗೆ ತೋಳು ಹಿಡಿದಳು. "ಬಾಮ್ಮ, ಮನೆಗೆ ಹೋಗೋಣ," ಎಂದಳು. ಅವಳ ದನಿಯಲ್ಲಿ ಅಂದು ಗಣಿತವಿರಲಿಲ್ಲ.

ಕಾರ್ಯದರ್ಶಿಯ ಮೆಕ್ಯಾನಿಕ್ಕಿಗೆ ಅವಸರ. ಹಿಂದಿನ ಗಾಜನ್ನು ಒಳಗಿನಿಂದ ತಳ್ಳಿ ತೆಗೆಯಬೇಕು, ಅದಕ್ಕೆ ಹಿಂದಿನ ಸೀಟು ಅಡ್ಡ. ಅವನು ಕಬ್ಬಿಣದ ಸಲಾಕೆ ತಂದು ಸೀಟಿನ ಅಂಚಿಗೆ ತೂರಿಸಿ ಮೀಟತೊಡಗಿದ. ಚರ್ ಎಂದು ಹೊಲಿಗೆ ಬಿಟ್ಟ ಸದ್ದು ಬಂತು.

ಅಂಗಳದ ಗೇಟಿನ ಕಡೆ ಹೊರಟಿದ್ದ ಸೀಟಕ್ಕ ಬಾಣದ ಹಾಗೆ ತಿರುಗಿದಳು. "ಏಯ್! ಕೈ ತೆಗಿ! ಅದು ಹಾಗೆ ಬರಲ್ಲ. ಹಿಂದಕ್ಕೆ ಒತ್ತಿ ಮೇಲಕ್ಕೆ ಎತ್ತಬೇಕು. ಯಾರಪ್ಪ ನಿನಗೆ ಕೆಲಸ ಕಲಿಸಿದ್ದು?" ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಾಗಿ, ಸೀಟನ್ನು ಎರಡೂ ಕೈಯಿಂದ ಹಿಂದಕ್ಕೊತ್ತಿ ಎತ್ತಿದಳು. ಕಾರು ಹೋದರೆ ಹೋಗಲಿ, ಹೊಲಿಗೆ ಹರಿಯುವುದನ್ನು ಅವಳು ನೋಡಲಾರಳು. ಮೂವತ್ತನಾಲ್ಕು ವರ್ಷದ ಧೂಳು ಎದ್ದಿತು. ಕೆಮ್ಮುತ್ತ ಕಣ್ಣುಜ್ಜಿಕೊಂಡು ನೋಡಿದಳು.

ಸೀಟಿನ ಕೆಳಗೆ, ಅಡ್ಡ ಹಾಯುವ ಉಕ್ಕಿನ ತೊಲೆಯ ಮೇಲೆ ಡಾಂಬರು ಬಳಿದ ಕಪ್ಪು ಕಂಬಳಿಯ ತುಂಡೊಂದು ಅಂಟಿತ್ತು. ಸೀಟು ಕಿರುಗುಟ್ಟದಿರಲೆಂದು ಹಾಕುವಂಥದ್ದು. ಎಡಗಡೆಯ ಮೂಲೆಯನ್ನು ಯಾರೋ ಸೊಟ್ಟಗೆ ಕತ್ತರಿಸಿದ್ದರು.

ಆ ಸೊಟ್ಟ ಮೂಲೆ ಅವಳದ್ದೇ.

ಅವಳಿಗೆ ಎಲ್ಲವೂ ಒಟ್ಟಿಗೇ ನೆನಪಾಯಿತು. ಇಪ್ಪತ್ತೇಳರ ಹುಡುಗಿ, ಒಬ್ಬಳೇ ಮಾಡಿದ ಮೊದಲ ಕಾರು. ಕೆಲಸ ನೋಡಲು ಬಂದ ಮಾವ ಸೀಟು ಎತ್ತಿದವನೇ ತಲೆ ತಲೆ ಚಚ್ಚಿಕೊಂಡಿದ್ದ. "ಅಲ್ಯಾಕೆ ಅಂಟಿಸಿದೆ? ಕಂಬಳಿ ಪಕ್ಕದಲ್ಲಿ ಅಂಟಿಸ್ಬೇಕು! ಗುಂಡುಮೂತಿಗೆ ಇಲ್ಲಿ ಎರಡನೇ ನಂಬರು ಒತ್ತಿರ್ತಾರೆ, ಅದನ್ನ ಮುಚ್ಚಬಾರದು ಅಂತ ಅಷ್ಟೂ ಗೊತ್ತಿಲ್ವಾ?" ಕೀಳಲು ಹೋದರೆ ಅವಳು ಬಳಿದಿದ್ದ ಅಂಟು ಬಂಡೆಯ ಹಾಗೆ ಹಿಡಿದಿತ್ತು. ಹೊರಗೆ ನರ್ಸಮ್ಮ ಕಾಯುತ್ತಿದ್ದರು. ಮಾವ ಬೈದುಕೊಳ್ಳುತ್ತಲೇ ಸೀಟು ಕೂರಿಸಿಬಿಟ್ಟಿದ್ದ. ಅಂದು ರಾತ್ರಿ ಅವಳಿಗೆ ಊಟ ಸೇರಿರಲಿಲ್ಲ. ಆಮೇಲೆ ಬೇರೆ ಗುಂಡುಮೂತಿ ಅವಳ ಕೈಗೆ ಬರಲಿಲ್ಲ, ಆ ಮಾತೂ ಮರೆತುಹೋಗಿತ್ತು.

"ನಿಲ್ಸಿ ಎಲ್ಲಾ!" ಎಂದು ಕಾರಿನಿಂದ ತಲೆ ಹೊರಗೆ ಹಾಕಿ ಕೂಗಿದಳು. "ನಂಬರು ಇಲ್ಲಿದೆ. ಇದರ ಕೆಳಗಿದೆ!"

ಠಣಠಣ ಚಾಕು ತೆಗೆದು ಓಡಿಬಂದ. ಅವಳು ಅವನ ಕೈ ಹಿಡಿದಳು. "ಮುಟ್ಟಬೇಡ. ಅಧಿಕಾರಿಯ ಕಣ್ಣೆದುರೇ ಕೀಳಬೇಕು."

"ಈಗಲೇ ಕಿತ್ತು ನೋಡಿಬಿಡಿ," ಎಂದ ಕಾರ್ಯದರ್ಶಿ. "ಇಲ್ಲದಿದ್ರೆ ಸುಮ್ನೆ ಎಲ್ಲರ ಸಮಯ ಹಾಳು."

"ಈಗ ಕಿತ್ತರೆ, ಇದು ನಿನ್ನೆ ಸಂಜೆ ಹೊಡೆದ ಪಂಚು ಅಂತ ಹೇಳೋ ಮೊದಲ ಬಾಯಿ ನಿಮ್ಮದೇ ಇರುತ್ತೆ."

ಆದರೆ ಅಧಿಕಾರಿ ಊಟಕ್ಕೆ ಎದ್ದಾಗಿತ್ತು. "ಮೂರು ಗಂಟೆಗೆ ಬರ್ತೀನಿ. ಅದುವರೆಗೆ ಯಾರೂ ಮುಟ್ಟಬಾರದು," ಎಂದು ಹೇಳಿ ಹೋದ. ಕಾರ್ಯದರ್ಶಿ ಲಾರಿ ಕಾಯುವುದಿಲ್ಲ ಎಂದ. ನರ್ಸಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಲಾರಿ ಹೋಗ್ಲಿ ಬಿಡಿ. ಹೆರಿಗೆ ಕೋಣೆ ಬಾಗಿಲಲ್ಲಿ ಎಷ್ಟೋ ಗಂಡಸರು ನಾಲ್ಕು ನಾಲ್ಕು ದಿನ ಕಾದಿದ್ದಾರೆ. ಮೂರು ಗಂಟೆವರೆಗೆ ನಾನು ಕಾಯ್ತೀನಿ." ಲಾರಿ ಎಲ್ಲೂ ಹೋಗಲಿಲ್ಲ.

ಎರಡು ಗಂಟೆ ಹೊತ್ತು ಸೀಟಕ್ಕ ತೆರೆದ ಬಾಗಿಲಿಗೆ ಅಡ್ಡವಾಗಿ ಬಿಸಿಲಲ್ಲಿ ನಿಂತಳು. ಮಗಳು ನೀರು ತಂದಳು. "ಒಳಗೆ ಮುಂದಿನ ಸೀಟಲ್ಲಾದ್ರೂ ಕೂತ್ಕೋ ಅಮ್ಮ, ನೆರಳಿದೆ."

"ಇನ್ನೂ ನನ್ನದಲ್ಲ. ಕೂರಬಾರದು."

ಠಣಠಣ ಹತ್ತಿರ ಬಂದು ಪಿಸುಗುಟ್ಟಿದ. "ಸೀಟಕ್ಕ, ಬೇಜಾರು ಮಾಡ್ಕೋಬೇಡ. ಕಂಬಳಿ ಕೆಳಗೆ ತೇವ ಸಿಕ್ಕಿಹಾಕ್ಕೊಂಡ್ರೆ ತಗಡು ಬೇಗ ಕೊಳೆಯುತ್ತೆ. ಎಷ್ಟೋ ಗಾಡೀಲಿ ನೋಡಿದೀನಿ. ಕಿತ್ತರೆ ಬರೀ ತುಕ್ಕಿನ ಪುಡಿ ಬಂದ್ರೆ?"

"ಹಿಂದಿನ ನೆಲ ಒಣಗಿದೆ ಅಂತ ನೀನೇ ಹೇಳಿದ್ಯಲ್ಲ."

"ಹೇಳಿದ್ದೆ. ಆದ್ರೂ..."

"ಆದ್ರೂ ಗೀದ್ರೂ ಬೇಡ. ನಾನು ಅಂಟು ಜಿಪುಣತನ ಮಾಡಿ ಹಚ್ಚೋಳಲ್ಲ." ಹಾಗೆಂದಳೇನೋ ನಿಜ. ತನ್ನ ಕೈಯಿಂದಲೇ ತನ್ನ ಕಾರನ್ನು ಕೊಂದಿರಬಹುದು ಎಂಬ ಯೋಚನೆ ಎರಡು ಗಂಟೆಯೂ ಅವಳನ್ನು ಕೊರೆಯಿತು.

ಮೂರು ಗಂಟೆಗೆ ಸರಿಯಾಗಿ ಅಧಿಕಾರಿ ಬಂದ. ಮೊದಲು ಕಂಬಳಿಯ ಅಂಚುಗಳನ್ನು ಟಾರ್ಚು ಹಿಡಿದು ನೋಡಿದ. ಅಂಟಿನ ಮೇಲೆ ಹಳೆಯ ಧೂಳು ಕಟ್ಟಿತ್ತು, ಇತ್ತೀಚೆಗೆ ಯಾರೂ ಎಬ್ಬಿಸಿರಲಿಲ್ಲ. "ಹೂಂ, ತೆಗೀರಿ," ಎಂದ.

ಸೀಟಕ್ಕ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕಂಬಳಿಯ ಮೇಲೆ ಒತ್ತಿ ಹಿಡಿದಳು. ಅಂಟು ಮೆತ್ತಗಾಗುವವರೆಗೆ ಕಾದು, ತನ್ನ ತೆಳು ಚಾಕುವನ್ನು ಚಪ್ಪಟೆಯಾಗಿ ತೂರಿಸಿ ಸೊಟ್ಟ ಮೂಲೆಯಿಂದ ಬಿಡಿಸತೊಡಗಿದಳು. ಮೊದಲು ಕಂಡದ್ದು ಕಂದು ತುಕ್ಕು. ಹಿಂದೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. ಕಂಬಳಿ ಸೊಟ್ಟಗಿದ್ದಲ್ಲಿ ಗಾಳಿ ತಾಗಿ ಮೊದಲ ಅಕ್ಷರ ಹೋಗಿತ್ತು. ಅವಳ ಕೈ ಅರೆಗಳಿಗೆ ನಿಂತಿತು. ಹಲ್ಲು ಕಚ್ಚಿ ಇನ್ನೊಂದು ಅಂಗುಲ ಎಳೆದಳು.

ಕಂಪನಿಯ ತಿಳಿಹಸಿರು ಬಣ್ಣ. ಅದರೊಳಗೆ ಅಚ್ಚುಕಟ್ಟಾಗಿ ಒತ್ತಿದ ಅಂಕಿ. ಅದರ ಪಕ್ಕ ಇನ್ನೊಂದು. ಮತ್ತೊಂದು. ಅಂಟು ತಗಡಿಗೆ ಎರಡನೇ ಚರ್ಮದ ಹಾಗೆ ಕೂತು ನೀರು, ಗಾಳಿ ಎರಡನ್ನೂ ತಡೆದಿತ್ತು. ಮಗಳು ಪುಸ್ತಕ ಹಿಡಿದು ಹಿಂದಿನಿಂದ ಒಂದೊಂದೇ ಅಂಕಿ ಓದುತ್ತಿದ್ದಳು. ಕೊನೆಯ ಮೂರಕ್ಕೆ ಬರುವಾಗ ಒಂದೊಂದರ ಮೇಲೂ ಬೆರಳಿಟ್ಟು ಓದಿದಳು. "ನಾಲ್ಕು... ಏಳು... ಒಂದು. ಅಮ್ಮಾ, ಸರಿಯಾಗಿದೆ!"

ಅಧಿಕಾರಿ ಅವಸರ ಮಾಡಲಿಲ್ಲ. ಸುತ್ತ ಉಜ್ಜಿದ ಗುರುತಿದೆಯೇ ಎಂದು ಬೆರಳಾಡಿಸಿದ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಬಾನೆಟ್ಟಿನ ಕೆಳಗೆ ಉಳಿದಿದ್ದ ಅಂಕಿಗಳದ್ದೂ ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದ. ಅಂಕಿಗಳ ವರಸೆ ಒಂದೇ. ಮುಂದೆ ಮೊದಲ ಅಕ್ಷರ ಇತ್ತು, ಹಿಂದೆ ಕೊನೆಯ ಮೂರು ಅಂಕಿ ಇತ್ತು. "ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿದೆ," ಎಂದು ಆತ ಮೊದಲ ಸಲ ನಕ್ಕ. "ಎರಡೂ ಸೇರಿ ಪೂರ್ತಿ. ಬರೀತೀನಿ. ಯಾರಮ್ಮ ಇದನ್ನ ಇಷ್ಟು ಗಟ್ಟಿಯಾಗಿ ಅಂಟಿಸಿದ್ದು?"

"ನಾನೇ ಸಾರ್. ಬೈಸಿಕೊಂಡು ಅಂಟಿಸಿದ್ದು."

ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದ. ಸೀಟಕ್ಕ ಅವನ ಕಡೆ ತಿರುಗಿದಳು. "ಗಾಜು ಬೇಕಾಗಿತ್ತಲ್ಲ ನಿಮಗೆ? ಹುಡುಕಿ, ಎಲ್ಲಾದ್ರೂ ಸಿಗುತ್ತೆ. ಸಂಘದ ಮೆರವಣಿಗೆ ಯಾವತ್ತು ಅಂತ ಮಾತ್ರ ಹೇಳಿ ಕಳಿಸಿ. ನೆಲಕ್ಕೆ ತಗಡು ಹಾಕಿಸ್ಕೊಂಡು ಬರ್ತೀನಿ." ಆತ ತನ್ನ ಮೆಕ್ಯಾನಿಕ್ಕನ್ನು ಸುಮ್ಮಸುಮ್ಮನೆ ಗದರಿಸಿ ಲಾರಿ ಹತ್ತಿದ.

ಕಚೇರಿಯ ಮೇಜಿನ ಮುಂದೆ ನರ್ಸಮ್ಮ ನಿಧಾನವಾಗಿ ಸಹಿ ಹಾಕಿದರು. ಸೀಟಕ್ಕನೂ ಹಾಕಿದಳು. ಅಧಿಕಾರಿ ಮುದ್ರೆ ಒತ್ತಿ ರಸೀದಿ ಹರಿದುಕೊಟ್ಟ. "ಹೊಸ ಪುಸ್ತಕ ಹದಿನೈದು ದಿನಕ್ಕೆ ಬರುತ್ತೆ. ನೆಲ, ಬ್ರೇಕು ಎಲ್ಲಾ ಸರಿಮಾಡಿಸಿ ಇನ್ನೊಂದು ಸಲ ತಪಾಸಣೆಗೆ ತನ್ನಿ, ಅದುವರೆಗೆ ರಸ್ತೆಯಲ್ಲಿ ಓಡಿಸಬೇಡಿ. ಮಿಕ್ಕಂತೆ ಇನ್ನು ಮಾಲೀಕರು ನೀವೇ."

ಅಂಗಳಕ್ಕೆ ಬಂದ ಸೀಟಕ್ಕ ಮೊದಲು ಹಿಂದಿನ ಸೀಟನ್ನು ತನ್ನ ಕೈಯಾರೆ ಸ್ವಸ್ಥಾನಕ್ಕೆ ಕೂರಿಸಿದಳು. ಸಲಾಕೆ ಹರಿದಿದ್ದ ಹೊಲಿಗೆಯನ್ನು ಸವರಿ ನೋಡಿದಳು, ಒಂದು ಗೇಣು, ಸಂಜೆಗೆ ಆಗಿಹೋಗುವ ಕೆಲಸ. ಅಷ್ಟರಲ್ಲಿ ಬಿಸಿಲಿಗೆ ಸಾಕಾಗಿದ್ದ ಮಗಳು ಮುಂದಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಳು.

"ಇರು," ಎಂದಳು ಸೀಟಕ್ಕ. "ಇಳಿ. ಮಾಲೀಕರು ಮೊದಲು ಕೂರಬೇಕು."

ಮಗಳು ಇಳಿದು ಪಕ್ಕಕ್ಕೆ ಸರಿದಳು. ಸೀಟಕ್ಕ ಚಪ್ಪಲಿಯ ಮಣ್ಣು ಕೊಡವಿ, ಚಾಲಕರ ಬಾಗಿಲು ತೆರೆದು, ಮೂವತ್ತನಾಲ್ಕು ವರ್ಷದ ಹಿಂದೆ ತಾನೇ ಹೊಲಿದ ಸೀಟಿನ ಮೇಲೆ ಕೂತಳು. ಕಾಲ ಕೆಳಗಿನ ತೂತಿನಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು. ಎರಡು ಸಲ ಕುಪ್ಪಳಿಸಿ ನೋಡಿದಳು. ಎಡಗಡೆ ಸ್ಪಂಜು ಸ್ವಲ್ಪ ತಗ್ಗಿತ್ತು. ಅದು ಅಂದಿನಿಂದಲೇ ತಗ್ಗಿತ್ತೋ ಏನೋ, ಕೂರದೆ ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

"ಹೇಗಿದೆಯೇ ಹುಡುಗಿ?" ಎಂದು ಹೊರಗಿನಿಂದ ನರ್ಸಮ್ಮ ಕೇಳಿದರು.

ಸೀಟಕ್ಕನ ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. "ಚೆನ್ನಾಗಿ ಹೊಲಿದಿದ್ದೀನಿ ನರ್ಸಮ್ಮಾ," ಎಂದಳು.